ಕಾಮಾಲೆ ಅಂತ ಹೇಳಿದ್ದೇವೆ, ಡಾಕ್ಟ್ರೇ

ಮನೆಯ ಅಂಗಳಕ್ಕೆ ಇಳಿಯುವ ತಿರುವಿಗಿಂತ ಮೊದಲೇ ರೋಗಿಯ ಮಗ ನಮ್ಮ ಜೀಪಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಜೀಪಿನ ಬದಿಯಲ್ಲಿ ಮಲಯಾಳ ಅಕ್ಷರಗಳಲ್ಲಿ ‘ಪಾಲಿಯೇಟಿವ್’ ಎಂದು ದೊಡ್ಡದಾಗಿ ಬರೆದಿತ್ತು. ಕೇರಳ ಸರಕಾರ 2008ರಲ್ಲಿ, ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಉಪಶಮನ ಚಿಕಿತ್ಸೆಗೆಂದೇ ಒಂದು ನೀತಿಯನ್ನು ತಂದ ಮೇಲೆ ಪಂಚಾಯತಿನ ನರ್ಸುಗಳು ಇಂಥ ವಾಹನಗಳಲ್ಲಿ ಮನೆಮನೆಗೆ ಹೋಗುವುದು ಇಲ್ಲಿ ದಿನನಿತ್ಯದ ನೋಟವಾಗಿರುವುದರಿಂದ, ಮಲಯಾಳ ಓದಲಾರದ, ಕಾಸರಗೋಡಿನ ಪೆರ್ಲ, ಬದಿಯಡ್ಕದ ಕಡೆಯ ಹಿರಿಯರಿಗೂ ಆ ಜೀಪು ಎಂಥವರ ಮನೆಯ ಮುಂದೆ ನಿಲ್ಲುತ್ತದೆ ಎಂಬುದು ಚೆನ್ನಾಗಿಯೇ ಗೊತ್ತಿರುತ್ತದೆ. ಗಾಡಿಯನ್ನು ಮೇಲೆಯೇ ಬಿಟ್ಟು ನಡೆದು ಬರಬಹುದೇ ಎಂದು ಮಗ ಕೇಳಿದರು. ನಡೆಯುತ್ತಿರುವಾಗ ಉಳಿದದ್ದನ್ನೂ ಹೇಳಿದರು: “ಅಪ್ಪನಿಗೆ ಗೊತ್ತಿಲ್ಲ. ಕಾಮಾಲೆ ಅಂತ ಹೇಳಿದ್ದೇವೆ, ಡಾಕ್ಟ್ರೇ. ಅಮ್ಮನಿಗೂ ಅಷ್ಟೇ ಗೊತ್ತಿರುವುದು. ನೀವೂ ಹಾಗೇ ಹೇಳಬೇಕು. ಗೊತ್ತಾದ್ರೆ ಅವರು ಅಲ್ಲಿಗೇ ಕೈ ಬಿಡ್ತಾರೆ.”

ನಾನು ಒಪ್ಪಿಕೊಂಡೆ. ಈ ಬರಹ ಆ ಒಪ್ಪಿಗೆಯ ಬಗ್ಗೆ. ಗುರುತು ಸಿಗಬಾರದೆಂದು ಊರು, ವಯಸ್ಸು, ಸಂಬಂಧಗಳಲ್ಲಿ ಕೆಲವನ್ನು ಬದಲಿಸಿದ್ದೇನೆ. ಕಾಯಿಲೆಯನ್ನೂ ಅದು ನಡೆದ ರೀತಿಯನ್ನೂ ಬದಲಿಸಿಲ್ಲ.

ಹಿರಿಯರಿಗೆ ಎಪ್ಪತ್ತರ ಮೇಲೆ ವಯಸ್ಸಾಗಿತ್ತು. ಮೂರು ಎಕರೆ ಅಡಿಕೆ ತೋಟ, ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಒಂದು ಸುರಂಗದ ನೀರು, ಮನೆಯಲ್ಲಿ ಅವರೂ ಹೆಂಡತಿಯೂ ಮಾತ್ರ. ಮಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದು ಶನಿವಾರ ಸಂಜೆ ಬಂದು ಸೋಮವಾರ ಬೆಳಗ್ಗೆ ಹೋಗುತ್ತಿದ್ದರು. ಡಿಸೆಂಬರ್ ಕೊನೆಯಲ್ಲಿ ಹಿರಿಯರ ಕಣ್ಣು ಹಳದಿಯಾಯಿತು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿತು, ಮಲ ಬಿಳಿಚಿಕೊಂಡಿತು, ರಾತ್ರಿಯಿಡೀ ಮೈ ತುರಿಸತೊಡಗಿತು. ಮಂಗಳೂರಿನಲ್ಲಿ ಸ್ಕ್ಯಾನ್ ಮಾಡಿದಾಗ ಮೇದೋಜೀರಕ ಗ್ರಂಥಿಯ ತಲೆಯ ಭಾಗದಲ್ಲಿ ಗಡ್ಡೆ ಕಾಣಿಸಿತು. ಲಿವರಿನಲ್ಲೂ ಮೂರು ನಾಲ್ಕು ಚುಕ್ಕೆಗಳಿದ್ದವು. ಲಿವರಿನಿಂದ ಕರುಳಿಗೆ ಪಿತ್ತರಸವನ್ನು ಒಯ್ಯುವ ನಾಳ ಈ ಗ್ರಂಥಿಯ ತಲೆಯ ಮೂಲಕವೇ ಹಾದು ಹೋಗುತ್ತದೆ. ಅಲ್ಲಿ ಗಡ್ಡೆ ಬೆಳೆದರೆ ನಾಳ ಒತ್ತಿಕೊಂಡು ಪಿತ್ತರಸ ಹಿಂದಕ್ಕೆ ಕಟ್ಟಿ ರಕ್ತಕ್ಕೆ ಸೇರುತ್ತದೆ. ಹಾಗಾಗಿ ಕಾಮಾಲೆ ಎಂಬುದು ಸುಳ್ಳಾಗಿರಲಿಲ್ಲ. ಈ ಕ್ಯಾನ್ಸರಿನಲ್ಲಿ ಮನೆಯವರಿಗೆ ಕೈಗೆಟಕುವಷ್ಟು ಹತ್ತಿರದಲ್ಲಿ, ಅರ್ಧ ನಿಜವಾಗಿರುವ ಒಂದು ಪದ ಸಿದ್ಧವಾಗಿಯೇ ಸಿಗುತ್ತದೆ.

ಲಿವರಿಗೆ ಹರಡಿದ್ದರಿಂದ ಶಸ್ತ್ರಚಿಕಿತ್ಸೆಯ ಮಾತು ಅಲ್ಲಿಗೇ ನಿಂತಿತು. ಜನವರಿಯ ಮೊದಲ ವಾರದಲ್ಲಿ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಒತ್ತಿಹೋದ ನಾಳದೊಳಗೆ ಸುಮಾರು 3 ಮಿಲಿಮೀಟರು ದಪ್ಪದ, ಸ್ಟೆಂಟ್ ಎಂಬ ಒಂದು ಪ್ಲಾಸ್ಟಿಕ್ ಕೊಳವೆ ಇರಿಸಿದರು. ಪಿತ್ತರಸ ಇಳಿಯಿತು, ತುರಿಕೆ ನಾಲ್ಕೇ ದಿನಗಳಲ್ಲಿ ಕಡಿಮೆಯಾಯಿತು, ರಕ್ತದಲ್ಲಿ ಹದಿನೆಂಟರಷ್ಟಿದ್ದ, ಮೈಯನ್ನು ಹಳದಿ ಮಾಡುವ ಬಿಲಿರುಬಿನ್ ಕೆಲವು ವಾರಗಳಲ್ಲಿ ಎರಡಕ್ಕೆ ಬಂತು. ಕಾಮಾಲೆ ಗುಣವಾಯಿತು. ಮನೆಯವರು ಕಟ್ಟಿದ ಕಥೆ ಮೊದಲ ಸಲ ಎಡವಿದ್ದು ಇಲ್ಲೇ, ಎಲ್ಲವೂ ಒಳ್ಳೆಯದಾಗಿ ಕಂಡ ಈ ಹಂತದಲ್ಲೇ.

ಏಕೆಂದರೆ ಅದರ ಬೆನ್ನಿಗೇ ಕೀಮೋಥೆರಪಿ ಇತ್ತು. ವಾರಕ್ಕೊಮ್ಮೆ ಜೆಮ್ಸಿಟಾಬಿನ್ ಎಂಬ ಔಷಧದ ಡ್ರಿಪ್. ಈ ಹಂತದ ಕಾಯಿಲೆಯಲ್ಲಿ ಅದು ಗುಣಪಡಿಸುವ ಮದ್ದಲ್ಲ. ಬದುಕು ಸರಾಸರಿಯಲ್ಲಿ ಆರು ತಿಂಗಳ ಆಸುಪಾಸಿನಲ್ಲಿ ಇರುವ ಕಾಯಿಲೆಯಲ್ಲಿ ಕೆಲವು ವಾರಗಳನ್ನೋ ತಿಂಗಳುಗಳನ್ನೋ ಕೂಡಿಸಬಹುದಾದ, ನೋವನ್ನು ಸ್ವಲ್ಪ ತಗ್ಗಿಸಬಹುದಾದ ಮದ್ದು. ತೆಗೆದುಕೊಳ್ಳುವುದೂ ಬಿಡುವುದೂ ಎರಡೂ ವಿವೇಕದ ಆಯ್ಕೆಗಳೇ. ಆದರೆ ಆಯ್ಕೆ ಮಾಡಬೇಕಾದವರಿಗೆ ಅದನ್ನು ‘ಕಾಮಾಲೆಯಿಂದ ಸೋತ ಮೈಗೆ ಶಕ್ತಿ ಬರುವ ಡ್ರಿಪ್’ ಎಂದು ಹೇಳಲಾಗಿತ್ತು. ಒಪ್ಪಿಗೆ ಪತ್ರಕ್ಕೆ ಮಗ ಸಹಿ ಹಾಕಿದ್ದರು. ಎರಡು ಡ್ರಿಪ್ ಆದ ಮೇಲೆ ಹಿರಿಯರಿಗೆ ವಾಂತಿಯೂ ಎರಡೆರಡು ದಿನ ಏಳಲಾಗದಷ್ಟು ನಿಶ್ಶಕ್ತಿಯೂ ಬಂದವು. “ಕಾಮಾಲೆ ಹೋಗಿ ಆಯಿತು. ಶಕ್ತಿಗೆ ಕೊಡುವ ಮದ್ದಿನಿಂದ ಇದ್ದ ಶಕ್ತಿಯೂ ಹೋಗುವುದಾದರೆ ಅದು ಎಂತಕ್ಕೆ?” ಎಂದು ಅವರು ಮೂರನೆಯದಕ್ಕೆ ಹೊರಡಲಿಲ್ಲ. ಅವರಿಗೆ ಗೊತ್ತಿದ್ದಷ್ಟರ ಮೇಲೆ ಯೋಚಿಸಿದರೆ ಆ ಮಾತಿನಲ್ಲಿ ಒಂದು ತಪ್ಪೂ ಇಲ್ಲ. ಚಿಕಿತ್ಸೆಯನ್ನು ನಿಲ್ಲಿಸಿದವರು ಅವರೇ ಎಂದು ಕಡತದಲ್ಲಿ ಬರೆದಿದೆ. ಆದರೆ ಅವರು ನಿಲ್ಲಿಸಿದ್ದು ಯಾವ ಚಿಕಿತ್ಸೆಯನ್ನು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಸಹಿಯ ವಿಷಯದಲ್ಲಿ ಒಂದು ಮಾತು. ರೋಗಿಗೆ ಬುದ್ಧಿ ನೆಟ್ಟಗಿದ್ದರೂ ಮಗನೋ ಅಳಿಯನೋ ಸಹಿ ಹಾಕುವುದು ನಮ್ಮಲ್ಲಿ ಎಷ್ಟು ರೂಢಿಯಾಗಿದೆ ಎಂದರೆ ಅದು ಕಾನೂನಿಗೆ ಸರಿಹೊಂದುವುದಿಲ್ಲ ಎಂಬುದೇ ಮರೆತುಹೋಗಿದೆ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಪರೀಕ್ಷೆಗೆಂದು ಅರಿವಳಿಕೆ ಕೊಟ್ಟು ಮಲಗಿಸಿದ್ದ ಮಹಿಳೆಯ ಗರ್ಭಕೋಶವನ್ನು ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದದ್ದು ತಪ್ಪೆಂದು ಸುಪ್ರೀಂ ಕೋರ್ಟು ಹೇಳಿತು: ರೋಗಿ ವಯಸ್ಕಳು, ಅವಳು ಎಚ್ಚರಗೊಳ್ಳುವವರೆಗೆ ಕಾಯಬಹುದಿತ್ತು, ತಾಯಿಯ ಒಪ್ಪಿಗೆ ಅವಳ ಒಪ್ಪಿಗೆಯಾಗುವುದಿಲ್ಲ. ಇನ್ನೊಂದೆಡೆ, 2002ರ ವೈದ್ಯರ ನಡತೆಯ ನಿಯಮಾವಳಿ ಕಾಯಿಲೆಯ ಗಂಭೀರತೆಯನ್ನು ಹೆಚ್ಚಿಸಿಯೂ ಹೇಳಬಾರದು, ತಗ್ಗಿಸಿಯೂ ಹೇಳಬಾರದು ಎಂದು ವಿಧಿಸಿದ ಮರುಕ್ಷಣವೇ, ರೋಗಿಗೆ, ಬಂಧುಗಳಿಗೆ ‘ಅಥವಾ’ ಜವಾಬ್ದಾರಿಯುಳ್ಳ ಸ್ನೇಹಿತರಿಗೆ ಅವರ ಹಿತಕ್ಕೆ ಬೇಕಾದಷ್ಟು ತಿಳಿದಿರುವಂತೆ ನೋಡಿಕೊಳ್ಳಬೇಕು ಎನ್ನುತ್ತದೆ. ಆ ‘ಅಥವಾ’ದೊಳಗೆ ನಮ್ಮಂಥ ವೈದ್ಯರು ಎಷ್ಟೋ ವರ್ಷ ಸುಖವಾಗಿ ಅಡಗಿ ಕುಳಿತಿದ್ದೇವೆ.

ನಾನು ಅವರ ಮನೆಗೆ ಮೊದಲ ಸಲ ಹೋದದ್ದು ಕೀಮೋ ನಿಂತ ಮೇಲೆ, ಫೆಬ್ರವರಿಯಲ್ಲಿ. ಅವರು ಜಗಲಿಯಲ್ಲಿ ಬೆಂಚಿನ ಮೇಲೆ ಕುಳಿತು ನನ್ನನ್ನು ಗಮನವಿಟ್ಟು ನೋಡುತ್ತಿದ್ದರು. ಹೊಟ್ಟೆ ಮುಟ್ಟಿ ನೋಡಿದೆ, ಬೆನ್ನಿಗೆ ಬರುವ ನೋವಿನ ಬಗ್ಗೆ ಕೇಳಿದೆ. ಎಲ್ಲ ಆದ ಮೇಲೆ ಅವರು ನೇರವಾಗಿ ಕೇಳಿದರು: “ಇದು ಬರೀ ಕಾಮಾಲೆಯಾ ಡಾಕ್ಟ್ರೇ, ಬೇರೆ ಎಂತಾದರೂ ಉಂಟಾ?” ಮಗ ನನ್ನ ಹಿಂದೆ ನಿಂತಿದ್ದರು. ನಾನು, “ಕಾಮಾಲೆಯೇ. ಲಿವರಿಗೆ ಸ್ವಲ್ಪ ಪೆಟ್ಟಾಗಿದೆ, ನಿಧಾನಕ್ಕೆ ಸರಿಯಾಗ್ತದೆ” ಎಂದೆ. ಅವರ ಮುಖ ಸಡಿಲವಾಯಿತು. ನನಗೂ ಹಗುರವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಹಿಂತಿರುಗುವಾಗ ತಿರುವಿನವರೆಗೂ ಮಗ ಕೈ ಮುಗಿದುಕೊಂಡೇ ಬಂದರು.

ಕಾಯಿಲೆಯನ್ನು ಮುಚ್ಚಿಡುವುದೆಂದರೆ ಒಂದು ಜಾಗವನ್ನು ಖಾಲಿ ಬಿಡುವುದು ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಆದರೆ ಆ ಜಾಗ ಖಾಲಿ ಇರುವುದಿಲ್ಲ. ಅಲ್ಲಿ ಇನ್ನೊಂದು ಪದವನ್ನು ಇಡಬೇಕಾಗುತ್ತದೆ, ಮತ್ತು ಇಟ್ಟ ಪದ ಸುಮ್ಮನೆ ಕುಳಿತಿರುವುದಿಲ್ಲ. ಕಾಮಾಲೆ ಎಂಬ ಪದಕ್ಕೆ ನಮ್ಮ ಊರಿನಲ್ಲಿ ಅದರದ್ದೇ ಆದ ಮದ್ದಿದೆ, ಪಥ್ಯವಿದೆ, ನಂಬಿಕೆಯಿದೆ, ಅದನ್ನು ವಾಸಿ ಮಾಡಿಕೊಂಡ ಹತ್ತಾರು ಜನರ ಅನುಭವವಿದೆ. ಹಿರಿಯರು ಆ ಪದವನ್ನು ನಂಬಿದರು. ನಂಬಿದ ಮೇಲೆ ಯಾವ ವಿವೇಕಿಯೂ ಮಾಡುವುದನ್ನೇ ಮಾಡಿದರು. ಬೆಳಗ್ಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿದರು. ಎಣ್ಣೆ ಬಿಟ್ಟರು, ಒಗ್ಗರಣೆ ಬಿಟ್ಟರು, ತೆಂಗಿನಕಾಯಿ ಬಿಟ್ಟರು, ಉಪ್ಪನ್ನು ಹೆಸರಿಗೆ ಮಾತ್ರ ಇಟ್ಟುಕೊಂಡು ಮೂರು ಹೊತ್ತೂ ಗಂಜಿ ಉಂಡರು. ಇದು ಕೆಲವು ವಾರಗಳಲ್ಲಿ ತಾನಾಗಿ ವಾಸಿಯಾಗುವ ಸಾಮಾನ್ಯ ಕಾಮಾಲೆಯಲ್ಲಿ ಹೆಚ್ಚಿನ ಹಾನಿ ಮಾಡದೇ ಇರಬಹುದು. ಮೇದೋಜೀರಕದ ಕ್ಯಾನ್ಸರಿನಲ್ಲಿ ಅದು ನೇರವಾಗಿ ಹಾನಿ ಮಾಡುತ್ತದೆ. ಕೊಬ್ಬನ್ನೂ ಪ್ರೋಟೀನನ್ನೂ ಒಡೆಯುವ ರಸಗಳು ಬರುವುದು ಆ ಗ್ರಂಥಿಯಿಂದ. ಗಡ್ಡೆ ಆ ರಸದ ದಾರಿಯನ್ನೂ ಕಟ್ಟಿರುತ್ತದೆ. ಉಂಡದ್ದು ಮೈಗೆ ಹತ್ತದೆ ಎಣ್ಣೆ ಎಣ್ಣೆಯಾಗಿ ಮಲದಲ್ಲಿ ಹೋಗುತ್ತದೆ. ಅದಕ್ಕೆ ಪರಿಹಾರವೆಂದರೆ ಕೊಬ್ಬನ್ನು ಬಿಡುವುದಲ್ಲ, ಊಟದ ಮೊದಲ ತುತ್ತಿನ ಜೊತೆಗೆ ಆ ರಸವಿರುವ ಕ್ಯಾಪ್ಸೂಲನ್ನು ನುಂಗಿ, ತುಪ್ಪ, ಕಾಯಿ, ಎಣ್ಣೆ ಎಲ್ಲವನ್ನೂ ಉಣ್ಣುವುದು. ಕ್ಯಾಪ್ಸೂಲನ್ನು ನಾನು ಬರೆದುಕೊಟ್ಟಿದ್ದೆ. ಹೆಸರು ಓದಿ ಯಾರಾದರೂ ಏನಾದರೂ ಕೇಳಿಯಾರು ಎಂಬ ಭಯದಿಂದ ಮಗ ಮಾತ್ರೆಗಳನ್ನೆಲ್ಲ ಹಾಳೆಯಿಂದ ಬಿಡಿಸಿ ಸ್ಟೀಲಿನ ಡಬ್ಬಿಗಳಿಗೆ ಹಾಕಿಟ್ಟಿದ್ದರು. ಹಿರಿಯರ ಹೆಂಡತಿ ಅದನ್ನು ‘ಊಟ ಜೀರ್ಣಕ್ಕೆ’ ಎಂದು ತಿಳಿದು, ಗಂಜಿಗೆ ಎಂಥ ಜೀರ್ಣದ ಮಾತ್ರೆ ಎಂದು ರಾತ್ರಿ ಒಂದನ್ನು ಮಾತ್ರ ಕೊಡುತ್ತಿದ್ದರು. ಜನವರಿಯಲ್ಲಿ 57 ಕಿಲೋ ಇದ್ದವರು ಮಾರ್ಚಿಯಲ್ಲಿ 47ಕ್ಕೆ ಇಳಿದರು. ಇದರಲ್ಲಿ ಕಾಯಿಲೆ ತಿಂದದ್ದೆಷ್ಟು, ಪಥ್ಯ ತಿಂದದ್ದೆಷ್ಟು ಎಂದು ತೂಗಿ ಹೇಳಲು ಬರುವುದಿಲ್ಲ. ಗಂಜಿಯ ಪಾಲಿನ ಹೊಣೆ ನನ್ನ ಮೇಲಿದೆ.

ಮುಂದಿನದು ಇನ್ನೂ ಕೆಟ್ಟದಾಗಿತ್ತು. ಪ್ಲಾಸ್ಟಿಕ್ ಸ್ಟೆಂಟು ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ ಕಟ್ಟಿಕೊಳ್ಳುತ್ತದೆ. ಅದರ ಒಳಗೋಡೆಗೆ ಬ್ಯಾಕ್ಟೀರಿಯಾಗಳ ಪೊರೆ ಹತ್ತಿ, ಅದರ ಮೇಲೆ ಪಿತ್ತರಸದ ಗಸಿ ಕೂತು, ದಾರಿ ಮುಚ್ಚುತ್ತದೆ. ಕಟ್ಟಿದ ಪಿತ್ತರಸದಲ್ಲಿ ಸೋಂಕು ಬೆಳೆದರೆ ಅದು ರಕ್ತಕ್ಕೆ ನುಗ್ಗಲು ಒಂದೆರಡು ದಿನ ಸಾಕು. ಗುರುತುಗಳು ಸ್ಪಷ್ಟ: ನಡುಕದ ಚಳಿಜ್ವರ, ಮತ್ತೆ ಹಳದಿಯಾಗುವ ಕಣ್ಣು, ಬಲಪಕ್ಕೆಯ ಕೆಳಗೆ ನೋವು. ಸ್ಟೆಂಟು ಇರುವವರಿಗೆ ಚಳಿ ನಡುಗಿ ಜ್ವರ ಬಂದರೆ ಕಣ್ಣು ಹಳದಿಯಾಗುವವರೆಗೆ ಕಾಯದೆ ಅದೇ ದಿನ ಆಸ್ಪತ್ರೆ ಸೇರಬೇಕು. ಈ ಮಾತನ್ನು ನಾನು ಮಗನಿಗೆ ಎರಡು ಸಲ ಹೇಳಿದ್ದೆ, ಬರೆದೂ ಕೊಟ್ಟಿದ್ದೆ. ಮೈಯೊಳಗೆ ಸ್ಟೆಂಟು ಇದ್ದವರಿಗೆ ಹೇಳಿರಲಿಲ್ಲ. ಹೇಳಬೇಕಾದರೆ ಹೊಟ್ಟೆಯೊಳಗೆ ಕೊಳವೆ ಯಾಕೆ ಎಂಬುದರಿಂದ ಶುರು ಮಾಡಬೇಕಿತ್ತು.

ಮಾರ್ಚಿಯ ಕೊನೆಯ ವಾರ, ಒಂದು ಸೋಮವಾರ ರಾತ್ರಿ, ಮಗ ಮಂಗಳೂರಿಗೆ ಹೋದ ದಿನವೇ ಚಳಿ ಬಂತು. ಬೆಳಗ್ಗೆ ಕನ್ನಡಿಯಲ್ಲಿ ಕಣ್ಣು ನೋಡಿಕೊಂಡ ಹಿರಿಯರು ಕಾಮಾಲೆ ಮರುಕಳಿಸಿತು ಎಂದುಕೊಂಡರು. ಮತ್ತೆ ಆ ವಾಂತಿಯ ಡ್ರಿಪ್ಪಿಗೆ ಎಳೆದುಕೊಂಡು ಹೋಗುತ್ತಾರೆಂದು ಹೆದರಿ, ಮಗನಿಗೆ ಫೋನ್ ಮಾಡಬೇಡವೆಂದು ಹೆಂಡತಿಗೆ ಹೇಳಿ, ನೆರೆಮನೆಯವರ ಜೊತೆ ರಿಕ್ಷಾ ಮಾಡಿಕೊಂಡು ಕಾಮಾಲೆಗೆ ಮದ್ದು ಕೊಡುವವರಲ್ಲಿಗೆ ಹೋಗಿ ಬಂದರು. ಮಂಗಳವಾರ, ಬುಧವಾರ, ಗುರುವಾರ ಆ ಮದ್ದು ಕುಡಿದರು. ಶುಕ್ರವಾರ ಬೆಳಗ್ಗೆ ಅವರಿಗೆ ಹೆಂಡತಿಯ ಗುರುತು ಸಿಗಲಿಲ್ಲ. ಪಂಚಾಯತಿನ ನರ್ಸು ಹೋಗಿ ನೋಡಿದಾಗ ರಕ್ತದೊತ್ತಡ ಮೇಲಿನದು 84 ಇತ್ತು. ಅಂದು ಮಧ್ಯಾಹ್ನ ಅವರನ್ನು ಮಂಗಳೂರಿಗೆ ಸೇರಿಸಿ, ರಕ್ತನಾಳಕ್ಕೆ ಆಂಟಿಬಯಾಟಿಕ್ ಕೊಟ್ಟು, ಹಳೆಯ ಸ್ಟೆಂಟು ತೆಗೆದು, ಒಳಗೆ ಅರಳಿದಾಗ ಸುಮಾರು 10 ಮಿಲಿಮೀಟರು ಅಗಲವಾಗುವ ಲೋಹದ ಸ್ಟೆಂಟು ಹಾಕಿದರು. ಅವರು ಬದುಕಿದರು. ಮದ್ದು ಕೊಟ್ಟವರನ್ನು ಮನೆಯವರು ಬೈದರು. ಕಾಮಾಲೆ ಎಂದು ಹೇಳಿಕೊಂಡು ಬಂದವರಿಗೆ ಅವರು ಕಾಮಾಲೆಯ ಮದ್ದು ಕೊಟ್ಟರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಏಪ್ರಿಲಿನ ಮೊದಲ ಭಾನುವಾರ ಮಗನನ್ನೂ ಸೊಸೆಯನ್ನೂ ನನ್ನ ಕ್ಲಿನಿಕ್ಕಿಗೆ ಕರೆದೆ. ಕಾನೂನಿನ ಮಾತಿನಿಂದ ಶುರು ಮಾಡಿದ್ದರೆ ಅವರು ಎದ್ದುಹೋಗುತ್ತಿದ್ದರು. ಈ ಕೆಲಸದಲ್ಲಿ ಹಲವು ವರ್ಷ ತಪ್ಪು ಮಾಡಿದ ಮೇಲೆ ಕಲಿತದ್ದೇನೆಂದರೆ, ಹೇಳಬೇಡಿ ಎನ್ನುವವರೊಡನೆ ಹೇಳಬೇಕೋ ಬೇಡವೋ ಎಂದು ವಾದಿಸಬಾರದು. ಏನಾಗುತ್ತದೆಂದು ಹೆದರಿದ್ದೀರಿ ಎಂದು ಕೇಳಿ ಸುಮ್ಮನಾಗಬೇಕು. ಮಗ ಬಹಳ ಹೊತ್ತಿನ ಮೇಲೆ ಹೇಳಿದ್ದು ಅಪ್ಪನ ಬಗ್ಗೆ ಆಗಿರಲಿಲ್ಲ. ಅವರ ದೊಡ್ಡಪ್ಪನಿಗೆ ಮೂವತ್ತು ವರ್ಷಗಳ ಹಿಂದೆ ಗಂಟಲಿನ ಕ್ಯಾನ್ಸರ್ ಇತ್ತಂತೆ. ಆಸ್ಪತ್ರೆಯಲ್ಲಿ ಯಾರೋ ನಿಂತ ನಿಲುವಿನಲ್ಲಿ ಹೇಳಿ ಹೋದರಂತೆ. ದೊಡ್ಡಪ್ಪ ಅಂದಿನಿಂದ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದವರು ಏಳಲಿಲ್ಲ. ನೋವಿಗೆ ಮದ್ದು ಕೊಟ್ಟಿದ್ದರಾ ಎಂದು ಕೇಳಿದೆ. ಇಲ್ಲ. ಹೇಳಿದವರು ಮತ್ತೆ ಬಂದು ಮಾತಾಡಿಸಿದ್ದರಾ? ಇಲ್ಲ. ನುಂಗಲಿಕ್ಕೆ ಆಗುತ್ತಿತ್ತಾ? ಮಗ ತಲೆಯೆತ್ತಿ ನೋಡಿದರು. ಗಂಟಲು ಮುಚ್ಚಿಹೋದವರು ಊಟ ಬಿಟ್ಟದ್ದಕ್ಕೆ ಮಾತೊಂದೇ ಕಾರಣವಾಗಿರಲಾರದು ಎಂದು ಅವರಿಗೆ ಆವರೆಗೆ ಹೊಳೆದಿರಲಿಲ್ಲ.

ಮಗನ ಭಯ ಹುಸಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಕೆಟ್ಟದಾಗಿ ಹೇಳಿದ ನಿಜ ನಿಜಕ್ಕೂ ಕೆಡುಕು ಮಾಡುತ್ತದೆ. ಹೊರರೋಗಿಗಳ ಸಾಲಿನಲ್ಲಿ ಎರಡು ನಿಮಿಷದಲ್ಲಿ, ಇಂಗ್ಲಿಷಿನಲ್ಲಿ ಅರ್ಧ, ಮಲಯಾಳದಲ್ಲಿ ಅರ್ಧ ಹೇಳಿ, ಮುಂದಿನ ಹೆಸರು ಕೂಗಿಸುವವರನ್ನು ನಾನು ಕಂಡಿದ್ದೇನೆ. ಮುಚ್ಚಿಡುವುದಕ್ಕಿಂತ ಅದು ಮೇಲು ಎಂದು ಹೇಳಲಾರೆ. ಇನ್ನು ಮುಚ್ಚಿಡುವುದು ನಮ್ಮ ಸಂಸ್ಕೃತಿ, ಹೇಳುವುದು ಪಶ್ಚಿಮದ ಸಂಸ್ಕೃತಿ ಎಂಬ ಮಾತನ್ನು ಮಾತ್ರ ನಾನು ಅರ್ಧಕ್ಕಿಂತ ಹೆಚ್ಚು ನಂಬುವುದಿಲ್ಲ. 1961ರಲ್ಲಿ ಶಿಕಾಗೋದ ಒಂದು ಆಸ್ಪತ್ರೆಯ ವೈದ್ಯರನ್ನು ಕೇಳಿದಾಗ ನೂರಕ್ಕೆ ಸುಮಾರು ತೊಂಬತ್ತು ಮಂದಿ ಕ್ಯಾನ್ಸರ್ ರೋಗಿಗೆ ಹೇಳದಿರುವುದೇ ತಮ್ಮ ಪದ್ಧತಿ ಎಂದಿದ್ದರು. 1979ರಲ್ಲಿ ಅಮೆರಿಕದಲ್ಲೇ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ 97 ಮಂದಿ ಹೇಳುವುದೇ ಪದ್ಧತಿ ಎಂದರು. ಹದಿನೆಂಟು ವರ್ಷಗಳಲ್ಲಿ ಒಂದು ದೇಶದ ಸಂಸ್ಕೃತಿಯೇ ತಿರುಗಿಬೀಳುವುದಿಲ್ಲ. ನಡುವೆ ಬದಲಾದವುಗಳಲ್ಲಿ ಒಂದು, ಹೇಳಿದ ಮೇಲೆ ಮಾಡಲಿಕ್ಕೆ ಏನಾದರೂ ಇದೆ ಎಂಬ ಸ್ಥಿತಿ.

ಮಗನೊಡನೆ ಕೊನೆಗೆ ಆದ ಒಪ್ಪಂದ ಇಷ್ಟು. ನಾನಾಗಿ ಕ್ಯಾನ್ಸರ್ ಎಂಬ ಪದವನ್ನು ತೆಗೆಯುವುದಿಲ್ಲ. ಆದರೆ ಅವರಿಗೆ ಏನು ಗೊತ್ತಿದೆ, ಎಷ್ಟು ಗೊತ್ತಾಗಬೇಕು ಎಂದು ಅವರನ್ನೇ ಕೇಳುತ್ತೇನೆ. ಬೇಡ ಎಂದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಅವರು ಕೇಳಿದರೆ ಇನ್ನೊಮ್ಮೆ ಸುಳ್ಳು ಹೇಳುವುದಿಲ್ಲ. ಮಗ ಜೊತೆಗಿರಬೇಕು, ತಾಯಿಗೆ ಅದಕ್ಕೆ ಮೊದಲೇ ಮಗನೇ ಹೇಳಬೇಕು. ಕೊನೆಯದಕ್ಕೆ ಒಪ್ಪಿಸುವುದೇ ಹೆಚ್ಚು ಕಷ್ಟವಾಯಿತು.

ಕೆಟ್ಟ ಸುದ್ದಿ ಹೇಳುವುದಕ್ಕೆ ಬೈಲ್, ಬಕ್ಮನ್ ಮೊದಲಾದವರು 2000ದಲ್ಲಿ ಪ್ರಕಟಿಸಿದ ಆರು ಹೆಜ್ಜೆಗಳ ಒಂದು ಕ್ರಮವನ್ನು ಈಗ ವೈದ್ಯ ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ. ಅದರಲ್ಲಿ ಸುದ್ದಿ ಹೇಳುವುದು ನಾಲ್ಕನೆಯ ಹೆಜ್ಜೆ. ಅದಕ್ಕೆ ಮೊದಲು ತಕ್ಕ ಜಾಗದಲ್ಲಿ ಕೂರಬೇಕು, ರೋಗಿಗೆ ಏನು ತಿಳಿದಿದೆ ಎಂದು ಕೇಳಬೇಕು, ಎಷ್ಟು ತಿಳಿಯಬೇಕೆಂದು ಕೇಳಬೇಕು; ಆಮೇಲೆ ಅವರ ದುಃಖದ ಜೊತೆಗೆ ಇದ್ದು, ಕೊನೆಗೆ ಮುಂದೇನು ಎಂದು ಮಾತಾಡಬೇಕು. ನನ್ನ ಅನುಭವದಲ್ಲಿ ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳನ್ನು ಸರಿಯಾಗಿ ಕೇಳಿದರೆ ನಾಲ್ಕನೆಯದರ ಅರ್ಧಭಾಗ ರೋಗಿಯೇ ಹೇಳಿ ಮುಗಿಸಿರುತ್ತಾರೆ.

ಅದೇ ಜಗಲಿ, ಅದೇ ಬೆಂಚು. “ಈ ನಾಲ್ಕು ತಿಂಗಳಲ್ಲಿ ಆದದ್ದನ್ನೆಲ್ಲ ನೋಡಿ ನಿಮಗೆ ಎಂತ ಅನ್ನಿಸ್ತದೆ?” ಎಂದು ಕೇಳಿದೆ. ಅವರು ಕೂಡಲೇ ಮಾತಾಡಲಿಲ್ಲ. “ಜನವರಿಯಲ್ಲೇ ಸಂಶಯ ಬಂದಿತ್ತು. ಡ್ರಿಪ್ ಕೊಡುವಲ್ಲಿ ಆಚೆ ಈಚೆ ಮಲಗಿದವರಿಗೆಲ್ಲ ತಲೆಕೂದಲು ಇರಲಿಲ್ಲ. ಕಾಮಾಲೆಗೆ ಕೂದಲು ಹೋಗುವುದನ್ನು ನಾನು ಕಂಡಿಲ್ಲ. ಆದರೆ ನೀವು ಬಂದು ಹೊಟ್ಟೆ ಮುಟ್ಟಿ ನೋಡಿ ಕಾಮಾಲೆಯೇ ಅಂತ ಹೇಳಿದಿರಲ್ಲ. ಮಗ ಹೇಳಿದ್ದಾದರೆ ನಾನು ನಂಬ್ತಿರಲಿಲ್ಲ. ನೀವು ಹೇಳಿದ ಮೇಲೆ ನಂಬಿದೆ. ಪಥ್ಯ ಗಟ್ಟಿ ಮಾಡಿದ್ದು ಅದರ ನಂತರವೇ.”

ರೋಗಿಗಳಿಗೆ ಹೇಗಿದ್ದರೂ ಒಳಗೊಳಗೇ ಗೊತ್ತಿರುತ್ತದೆ, ಹಾಗಾಗಿ ನಮ್ಮ ಸುಳ್ಳಿನಿಂದ ಅಂಥ ನಷ್ಟವೇನೂ ಇಲ್ಲ ಎಂದು ಸಹೋದ್ಯೋಗಿಗಳು ಸಮಾಧಾನ ಹೇಳುವುದುಂಟು. ಇವರಿಗೆ ಗೊತ್ತಾಗುತ್ತಿತ್ತು, ಗೊತ್ತಾಗುವುದನ್ನು ನಾನು ತಡೆದೆ. ನಾನು ಹಾಗೆಂದು ಹೇಳಿ ಕ್ಷಮೆ ಕೇಳಿದೆ. ಆಮೇಲೆ, ಅಂದು ನಾನು ಹೇಳದೆ ಬಿಟ್ಟದ್ದು ಇದೆ, ಅದು ಒಳ್ಳೆಯ ಸುದ್ದಿಯಲ್ಲ, ಈಗ ಕೇಳಬೇಕೆಂದು ಇದೆಯೇ, ಅಥವಾ ಮಗನ ಹತ್ತಿರ ಮಾತ್ರ ಮಾತಾಡಲೇ ಎಂದು ಕೇಳಿದೆ. “ಹೇಳಿ” ಎಂದರು. ಗಡ್ಡೆ ಎಂದೆ, ಅವರು ಕಾಯುತ್ತಿದ್ದರು. ಗಡ್ಡೆ ಎಂಬುದು ನಮ್ಮ ಕಡೆ ಏನು ಬೇಕಾದರೂ ಆಗಬಹುದಾದ ಪದ; ಅಲ್ಲಿಗೆ ನಿಲ್ಲಿಸಿದರೆ ಮತ್ತೊಂದು ಕಾಮಾಲೆಯನ್ನು ಕೊಟ್ಟಂತಾಗುತ್ತಿತ್ತು. ಕ್ಯಾನ್ಸರ್ ಎಂದೆ. ಎಲ್ಲಿದೆ, ಎಲ್ಲಿಗೆ ಹರಡಿದೆ, ತೆಗೆಯಲು ಬರುವುದಿಲ್ಲ ಎಂಬುದನ್ನು ಒಂದೊಂದೇ ವಾಕ್ಯವಾಗಿ, ನಡುವೆ ನಿಲ್ಲಿಸಿ ಹೇಳಿದೆ. ಮಗ ಅತ್ತರು. ಹಿರಿಯರು ಅಳಲಿಲ್ಲ; ಹೆಗಲ ಬೈರಾಸನ್ನು ತೆಗೆದು ಮೊಣಕಾಲ ಮೇಲಿಟ್ಟು, ತೋಟದ ಕಡೆ ನೋಡುತ್ತ, “ಹಳದಿ ರೋಗ” ಎಂದರು. ಅಡಿಕೆ ಮರಕ್ಕೆ ಬರುವ ಹಳದಿ ರೋಗಕ್ಕೆ ಮದ್ದಿಲ್ಲ ಎಂಬುದು ಇಲ್ಲಿನ ತೋಟದವರಿಗೆಲ್ಲ ಗೊತ್ತು.

ಎಷ್ಟು ಸಮಯ ಎಂದು ಅವರು ಕೇಳಲಿಲ್ಲ. ಕೇಳಿದ್ದು, “ಮಳೆಗಾಲಕ್ಕೆ ಮದ್ದು ಬಿಡುವಾಗ ನಾನು ಇರ್ತೇನಾ?” ಎಂದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆ ಶುರುವಾಗುವ ಹೊತ್ತಿಗೆ ಒಮ್ಮೆ, ಸುಮಾರು ನಲವತ್ತು ದಿನ ಕಳೆದು ಇನ್ನೊಮ್ಮೆ ಬಿಡುತ್ತಾರೆ. ಮೊದಲ ಮದ್ದಿಗೆ ಇರಬಹುದು, ಎರಡನೆಯದಕ್ಕೆ ಇರುತ್ತೀರೆಂದು ನಾನು ಹೇಳಲಾರೆ ಎಂದೆ. ಅವರು ಅಂಕಿಗಳನ್ನು ಕೇಳಿದ್ದರೆ ಆರು ತಿಂಗಳ ಸರಾಸರಿಯನ್ನೂ ಅದು ಸರಾಸರಿ ಮಾತ್ರ ಎಂಬುದನ್ನೂ ಹೇಳುತ್ತಿದ್ದೆ. ಕೇಳದೆ ಇದ್ದುದರಿಂದ ಹೇಳಲಿಲ್ಲ.

ಎಲ್ಲರಿಗೂ ಎಲ್ಲವನ್ನೂ ಹೇಳಲೇಬೇಕು ಎಂಬ ಪಕ್ಷ ನನ್ನದಲ್ಲ. ಕುಂಬಳೆಯ ಕಡೆಯ ಒಬ್ಬ ಅಜ್ಜಿಗೆ ಇದೇ ಪ್ರಶ್ನೆಯನ್ನು ಕೇಳಿದಾಗ, “ಅದೆಲ್ಲ ಮಗಳಿಗೆ ಹೇಳಿ. ನನಗೆ ನೋವು ಬಾರದ ಹಾಗೆ ಮಾಡಿ, ಸಾಕು” ಎಂದು ಮುಖ ತಿರುಗಿಸಿದರು. ಕೊನೆಯವರೆಗೂ ಆ ಮನೆಯಲ್ಲಿ ಆ ಪದ ಬರಲಿಲ್ಲ, ನಾನೂ ತೆಗೆಯಲಿಲ್ಲ. ಆದರೆ ಅಲ್ಲಿ ಬೇಡ ಎಂದವರು ಅಜ್ಜಿ. ಮಗಳು ಔಷಧಗಳ ಹೆಸರನ್ನೂ ಎಚ್ಚರಿಕೆಯ ಗುರುತುಗಳನ್ನೂ ಬಲ್ಲವಳಾಗಿ ದಿನದ ಇಪ್ಪತ್ತನಾಲ್ಕು ಗಂಟೆಯೂ ಪಕ್ಕದಲ್ಲಿದ್ದಳು. ಕಾಯಿಲೆಗೆ ಬದಲು ಇನ್ನೊಂದು ಹೆಸರನ್ನು ಯಾರೂ ಇಟ್ಟಿರಲಿಲ್ಲ. ‘ಹೊಟ್ಟೆಯ ತೊಂದರೆ’ ಎನ್ನುತ್ತಿದ್ದರು, ಅದಕ್ಕೆ ಊರಿನಲ್ಲಿ ಪಥ್ಯವಿಲ್ಲ.

ಹಿರಿಯರ ಪಥ್ಯ ಅದೇ ದಿನ ಮಧ್ಯಾಹ್ನ ಮುಗಿಯಿತು. ಹಲಸಿನಕಾಯಿ ಹಪ್ಪಳದ ಕಾಲವಾಗಿತ್ತು. ತೆಂಗಿನೆಣ್ಣೆಯಲ್ಲಿ ಕರಿದ ಎರಡು ಹಪ್ಪಳವನ್ನು ಕ್ಯಾಪ್ಸೂಲಿನ ಜೊತೆಗೆ ತಿಂದರೆಂದು ಅವರ ಹೆಂಡತಿ ನರ್ಸಿಗೆ ಹೇಳಿದರು. ಮಾತ್ರೆಗಳು ಡಬ್ಬಿಯಿಂದ ತಮ್ಮ ಹಾಳೆಗಳಿಗೆ ಮರಳಿದವು. ನೋವಿಗೆ ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಮಾತ್ರೆ ಶುರು ಮಾಡಿದಾಗ ಅದು ಏನು, ಮಲಬದ್ಧತೆ ಆಗುತ್ತದೆ, ಅದಕ್ಕೆ ಇನ್ನೊಂದು ಮದ್ದು ಯಾಕೆ ಎಂದು ಅವರಿಗೇ ನೇರವಾಗಿ ಹೇಳಬಹುದಾಯಿತು. ಕೀಮೋವನ್ನು ಮತ್ತೆ ಕೊಡಬಹುದು, ಆದರೆ ಇಷ್ಟು ಇಳಿದ ಮೈಯಲ್ಲಿ ಲಾಭ ಕಡಿಮೆ ಎಂದೆ. ಬೇಡ ಎಂದರು. ಈ ಸಲ ಅವರು ಬೇಡವೆಂದದ್ದು ಯಾವುದನ್ನು ಎಂಬುದು ಕಡತದಲ್ಲಿದೆ.

ಮೇ ತಿಂಗಳಲ್ಲಿ ಅವರು ತಮ್ಮನನ್ನು ಕರೆಸಿದರು. ಸುರಂಗದ ನೀರು ದಿನಬಿಟ್ಟು ದಿನ ಎರಡು ತೋಟಗಳಿಗೆ ಹೋಗುವುದು ತಂದೆಯ ಕಾಲದ ಬಾಯಿಮಾತಿನ ಏರ್ಪಾಡು. ಬೇಸಗೆಯಲ್ಲಿ ನೀರು ಇಳಿದಾಗ ಯಾರಿಗೆಷ್ಟು ಎಂಬ ಲೆಕ್ಕ ಇಬ್ಬರು ಅಣ್ಣತಮ್ಮಂದಿರಿಗೆ ಮಾತ್ರ ಗೊತ್ತಿತ್ತು, ಮಕ್ಕಳಿಗೆ ಗೊತ್ತಿರಲಿಲ್ಲ. ಎರಡು ಮಧ್ಯಾಹ್ನ ಕುಳಿತು ಅದನ್ನು ಬರೆಸಿದರು. ತಮ್ಮನೊಡನೆ ಮನಸ್ತಾಪವೇನೂ ತೀರಲಿಲ್ಲ. ಎರಡನೆಯ ದಿನ ಜೋರು ಮಾತೂ ಆಯಿತಂತೆ. ಕಾಗದಕ್ಕೆ ಮಾತ್ರ ಇಬ್ಬರೂ ಸಹಿ ಹಾಕಿದರು.

ಮೊದಲ ಮದ್ದು ಬಿಡುವಾಗ ಅವರು ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು, ಯಾವ ಸಾಲಿಗೆ ಬೀಳಲಿಲ್ಲ ಎಂದು ಕೂಗಿ ಹೇಳುತ್ತಿದ್ದರು. ಜುಲೈಯಲ್ಲಿ ತೀರಿಕೊಂಡರು.

ಉತ್ತರಕ್ರಿಯೆಗೆ ಹೋಗಿದ್ದೆ. ಊಟದ ನಂತರ ಮಗ ತಿರುವಿನವರೆಗೆ ಜೊತೆಗೆ ಬಂದರು. “ಹೇಳದೆ ಇದ್ದಿದ್ದರೆ ಇನ್ನೊಂದೆರಡು ತಿಂಗಳು ಇರ್ತಿದ್ರೋ ಏನೋ ಡಾಕ್ಟ್ರೇ” ಎಂದರು. ಹಾಗಲ್ಲ ಎಂದು ವಾದಿಸಬಹುದಿತ್ತು. ಮಾರ್ಚಿಯ ಶುಕ್ರವಾರವನ್ನು ನೆನಪಿಸಬಹುದಿತ್ತು. ಅವರೂ ಅದನ್ನು ಮರೆತಿರಲಿಲ್ಲ. ನಾನು ಏನೂ ಹೇಳಲಿಲ್ಲ.

ಹೊಸ ಮನೆಗೆ ಹೋದಾಗ ಕಡತದ ಮೊದಲ ಪುಟದಲ್ಲಿ ರೋಗಿಗೆ ಏನು ಗೊತ್ತಿದೆ, ಎಷ್ಟು ಗೊತ್ತಾಗಬೇಕೆಂದಿದ್ದಾರೆ ಎಂದು ನಾನು ಮೊದಲಿನಿಂದಲೂ ಬರೆಯುತ್ತಿದ್ದೆ. ಈಗ ಅದರ ಕೆಳಗೆ ಇನ್ನೊಂದು ಸಾಲು ಸೇರಿದೆ: ಮನೆಯವರು ಕಾಯಿಲೆಗೆ ಯಾವ ಹೆಸರು ಕೊಟ್ಟಿದ್ದಾರೆ, ಆ ಹೆಸರಿನ ಕಾಯಿಲೆಗೆ ಇಲ್ಲಿ ಜನ ಏನು ಮಾಡುತ್ತಾರೆ. ಕಳೆದ ವಾರ ಅಲ್ಲಿ ‘ಗ್ಯಾಸ್ಟ್ರಿಕ್’ ಎಂದು ಬರೆದೆ. ಆ ಮನೆಯವರ ಜೊತೆ ಇನ್ನೂ ಮಾತು ನಡೆಯುತ್ತಿದೆ.